ವಾರ್ಡಿನಿಂದ ಕ್ಲೇಮ್ ಕಚೇರಿಗೆ: ಅರ್ಜಿಯ ಮೊದಲ ಐದು ವಾಕ್ಯ

ಆಸ್ಪತ್ರೆಯ ವಾರ್ಡಿನಲ್ಲಿ ಐದಾರು ವರ್ಷ ಡ್ಯೂಟಿ ಮಾಡಿದ ಸಿಸ್ಟರ್‌ಗಳಲ್ಲಿ ಕೆಲವರು ಆರೋಗ್ಯ ವಿಮೆಯ ಕ್ಲೇಮ್ ಕಚೇರಿಗಳಿಗೆ ಅರ್ಜಿ ಹಾಕುತ್ತಾರೆ. ಆಸ್ಪತ್ರೆಗೂ ವಿಮಾ ಕಂಪನಿಗೂ ನಡುವೆ ನಿಂತು ಕ್ಲೇಮಿನ ಕಾಗದಪತ್ರ ನೋಡುವ ಸಂಸ್ಥೆಗಳಿಗೆ ಟಿಪಿಎ ಎನ್ನುತ್ತಾರೆ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಟಿಪಿಎ ಕಂಪನಿಗಳಿವೆ. ಕ್ಲೇಮ್ ಪ್ರೊಸೆಸರ್ ಹುದ್ದೆಗೆ ಇಂಥ ಕಡೆ ವೈದ್ಯಕೀಯ ಹಿನ್ನೆಲೆಯವರನ್ನು ಹುಡುಕುತ್ತಾರೆ. ಆಯುರ್ವೇದ, ಹೋಮಿಯೋಪಥಿ, ದಂತವೈದ್ಯಕೀಯ ಓದಿದವರ ಜೊತೆ ನರ್ಸಿಂಗ್ ಓದಿದವರಿಗೂ ಬಾಗಿಲು ತೆರೆದಿರುತ್ತದೆ. ಹಾಗಿದ್ದೂ ಬಹಳಷ್ಟು ಅರ್ಜಿಗಳು ಕವರ್ ಲೆಟರಿನ ಮೊದಲ ಪ್ಯಾರಾದಲ್ಲೇ ನಿಂತುಬಿಡುತ್ತವೆ. ಓದುವವರಿಗೆ ಆ ಪ್ಯಾರಾದಲ್ಲಿ ಅರ್ಜಿದಾರರು ಕಾಣುವುದೇ ಇಲ್ಲ.

ಸಾಮಾನ್ಯವಾಗಿ ಆ ಪ್ಯಾರಾ ಹೀಗಿರುತ್ತದೆ:

"ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಖಾಲಿ ಇರುವ ಹುದ್ದೆಯ ಜಾಹೀರಾತನ್ನು ನೋಡಿ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ. ನಾನು ಶ್ರಮಜೀವಿ, ಪ್ರಾಮಾಣಿಕಳು, ಎಲ್ಲರೊಂದಿಗೆ ಹೊಂದಿಕೊಂಡು ಕೆಲಸ ಮಾಡುವವಳು. ವಿಮಾ ಕ್ಷೇತ್ರದಲ್ಲಿ ನನಗೆ ಅನುಭವ ಇಲ್ಲದಿದ್ದರೂ ಹೊಸದನ್ನು ಬೇಗ ಕಲಿಯುವ ಉತ್ಸಾಹವಿದೆ. ಒಂದು ಅವಕಾಶ ಕೊಟ್ಟರೆ ತಮ್ಮ ನಂಬಿಕೆಯನ್ನು ಉಳಿಸಿಕೊಳ್ಳುತ್ತೇನೆ."

ಇದು ನಾವೆಲ್ಲ ಶಾಲೆಯಲ್ಲಿ ಕಲಿತ ಪತ್ರಲೇಖನ. ಇಂದ, ಗೆ, ಮಾನ್ಯರೇ, ವಿಷಯ ಎಂದು ಸಾಲಾಗಿ ಬರೆದು ರಜೆ ಕೇಳುವುದನ್ನೂ ಬೀದಿದೀಪ ಹಾಕಿಸಿ ಎಂದು ಪಂಚಾಯಿತಿಗೆ ಮನವಿ ಮಾಡುವುದನ್ನೂ ಒಂದೇ ಅಚ್ಚಿನಲ್ಲಿ ಕಲಿತೆವು. ಆ ಪತ್ರಗಳಲ್ಲಿ ಕೇಳುವವರು ಕೆಳಗೆ, ಕೊಡುವವರು ಮೇಲೆ. ಕೆಲಸದ ಅರ್ಜಿಯಲ್ಲೂ ಅದೇ ವಿನಯ ಬಂದು ಕೂರುತ್ತದೆ. ವಿನಯ ತಪ್ಪಲ್ಲ. ಆದರೆ ಮೇಲಿನ ನಾಲ್ಕು ವಾಕ್ಯಗಳಲ್ಲಿ ಬರೆದವರು ನರ್ಸ್ ಎಂಬ ಸುಳಿವೂ ಇಲ್ಲ. ಕೆಳಗೆ ಯಾರ ಹೆಸರು ಹಾಕಿದರೂ ನಡೆಯುತ್ತದೆ. ಬ್ಯಾಂಕಿನ ಗುಮಾಸ್ತರೂ ಸಹಿ ಮಾಡಬಹುದು, ಗಾರ್ಮೆಂಟ್ಸ್ ಸೂಪರ್‌ವೈಸರೂ ಸಹಿ ಮಾಡಬಹುದು. ತನ್ನ ಬಗ್ಗೆ ಅದು ಖಚಿತವಾಗಿ ಹೇಳಿರುವುದು ಒಂದೇ ಸಂಗತಿಯನ್ನು, ಅದೂ ಅನುಭವ ಇಲ್ಲ ಎಂಬುದನ್ನು.

ಅದೇ ಕ್ಷೇತ್ರದಲ್ಲಿ ಕಂಪನಿ ಬದಲಿಸುವವರಿಗೆ ಈ ಕಷ್ಟ ಇಲ್ಲ. ಹಿಂದಿನ ಹುದ್ದೆಯ ಹೆಸರೇ ಅರ್ಧ ಮಾತಾಡಿಬಿಡುತ್ತದೆ. ಕ್ಷೇತ್ರವನ್ನೇ ಬದಲಿಸುವವರ ರೆಸ್ಯೂಮೆಯಲ್ಲಿ ಹುದ್ದೆಯ ಹೆಸರುಗಳು ಎದುರಿನವರಿಗೆ ಸಂಬಂಧವಿಲ್ಲದ ಜಗತ್ತಿನವು. 'ಸ್ಟಾಫ್ ನರ್ಸ್, ಜನರಲ್ ಮೆಡಿಸಿನ್ ವಾರ್ಡ್' ಎಂಬುದನ್ನು ಓದಿದ ಕ್ಲೇಮ್ ಕಚೇರಿಯವರ ಮನಸ್ಸಿಗೆ ಬರುವುದು ಇಂಜೆಕ್ಷನ್, ಡ್ರಿಪ್, ಬಿಪಿ. ಇವರು ನಮ್ಮ ಟೇಬಲ್ಲಿಗೆ ಯಾಕೆ ಬಂದರು ಎಂಬ ಪ್ರಶ್ನೆಗೆ ರೆಸ್ಯೂಮೆಯಲ್ಲಿ ಉತ್ತರ ಸಿಗದು. ಉತ್ತರ ಕೊಡಬಲ್ಲ ಜಾಗ ಪತ್ರದ ಮೊದಲ ಪ್ಯಾರಾ ಮಾತ್ರ. ಹಾಗಾಗಿ ಅದು ಒಂದು ಸಣ್ಣ ಪರಿಚಯಪತ್ರದ ಕೆಲಸ ಮಾಡಬೇಕು: ನಾನು ಯಾರು, ನಿಮ್ಮ ಕೆಲಸದ ಯಾವ ಭಾಗವನ್ನು ನಾನು ಬೇರೆ ಹೆಸರಿನಲ್ಲಿ ಈಗಾಗಲೇ ಮಾಡುತ್ತಿದ್ದೇನೆ, ಅದಕ್ಕೆ ಆಧಾರವೇನು, ನನಗೆ ಗೊತ್ತಿಲ್ಲದ್ದು ಯಾವುದು.

ಇದರಲ್ಲಿ ನಡುವಿನ ಭಾಗವೇ ಕಷ್ಟದ್ದು. ಬೇರೆ ಹೆಸರಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಗುರುತಿಸಲು ಮೊದಲು ಹೊಸ ಕಚೇರಿಯಲ್ಲಿ ದಿನವಿಡೀ ಏನು ನಡೆಯುತ್ತದೆಂದು ತಿಳಿಯಬೇಕು. ಉದಾಹರಣೆಗಾಗಿ ಒಬ್ಬ ನರ್ಸನ್ನು ಕಲ್ಪಿಸಿಕೊಳ್ಳೋಣ. ಬಿ.ಎಸ್ಸಿ. ನರ್ಸಿಂಗ್ ಓದಿದ್ದಾರೆ, ಕರ್ನಾಟಕದ ನರ್ಸಿಂಗ್ ಕೌನ್ಸಿಲಿನ ನೋಂದಣಿ ಇದೆ. ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದಿದ್ದಾರೆ, ಕೊನೆಯ ನಾಲ್ಕು ವರ್ಷ 30 ಹಾಸಿಗೆಯ ಜನರಲ್ ಮೆಡಿಸಿನ್ ವಾರ್ಡಿನಲ್ಲಿ. ಈಗ ಟಿಪಿಎ ಒಂದರ ಕ್ಲೇಮ್ ಪ್ರೊಸೆಸರ್ ಹುದ್ದೆಗೆ ಬರೆಯಲು ಕೂತಿದ್ದಾರೆ.

ಕ್ಲೇಮ್ ಪ್ರೊಸೆಸರ್ ಏನು ಮಾಡುತ್ತಾರೆ? ರೋಗಿ ದಾಖಲಾದಾಗ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಿಂದ ಪ್ರೀ-ಆಥರೈಸೇಶನ್ ಕೋರಿಕೆ ಬರುತ್ತದೆ. ಅದರಲ್ಲಿ ರೋಗದ ಹೆಸರು, ವೈದ್ಯರ ಟಿಪ್ಪಣಿ, ಪರೀಕ್ಷೆಯ ವರದಿ, ಅಂದಾಜು ಖರ್ಚು ಇರುತ್ತವೆ. ಪ್ರೊಸೆಸರ್ ಇವನ್ನು ಓದಿ ನೋಡಬೇಕಾದದ್ದು: ಹೇಳಿರುವ ರೋಗಕ್ಕೂ ವರದಿಗೂ ತಾಳೆಯಾಗುತ್ತದೆಯೇ, ದಾಖಲು ಮಾಡಿಕೊಳ್ಳುವ ಅಗತ್ಯ ನಿಜವಾಗಿ ಇತ್ತೇ, ಬರೀ ಪರೀಕ್ಷೆಗಳಿಗಾಗಿ ದಾಖಲಾದದ್ದೇ, ಪಾಲಿಸಿ ಕೊಳ್ಳುವ ಮೊದಲೇ ಈ ಕಾಯಿಲೆ ಇತ್ತೇ. ಏನಾದರೂ ಕೊರತೆ ಕಂಡರೆ ಆಸ್ಪತ್ರೆಗೆ ಕ್ವೆರಿ ಹಾಕಬೇಕು. ರೋಗಿ ಬಿಡುಗಡೆ ಆಗುವಾಗ ಇದೇ ಓದು ಮತ್ತೊಮ್ಮೆ, ಈ ಸಲ ಡಿಸ್ಚಾರ್ಜ್ ಸಮ್ಮರಿ ಮತ್ತು ಅಂತಿಮ ಬಿಲ್ಲಿನ ಜೊತೆ. ಇವೆಲ್ಲ ಗಡಿಯಾರ ನೋಡಿಕೊಂಡು ಮಾಡುವ ಕೆಲಸ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ನಿರ್ಧಾರ ಕೊಡಬೇಕು.

ಈಗ ವಾರ್ಡಿಗೆ ಬನ್ನಿ. ಬೆಳಗಿನ ಡ್ಯೂಟಿ, ರೌಂಡ್ಸ್ ಮುಗಿದಿದೆ, ಡಿಸ್ಚಾರ್ಜ್‌ಗಳ ಗಡಿಬಿಡಿ. ಇನ್ಶೂರೆನ್ಸ್ ಡೆಸ್ಕಿನಿಂದ ಫೋನ್ ಬರುತ್ತದೆ: "ಸಿಸ್ಟರ್, ಹನ್ನೆರಡನೇ ಬೆಡ್ಡಿನವರಿಗೆ ಕ್ವೆರಿ ಬಂದಿದೆ. ಮೂರನೇ ದಿನ ಯಾಕೆ ಐವಿ ಆ್ಯಂಟಿಬಯೋಟಿಕ್ ಮುಂದುವರಿಸಿದ್ರಿ ಅಂತ ಕೇಳ್ತಿದಾರೆ. ಟೆಂಪರೇಚರ್ ಚಾರ್ಟ್ ಕಳಿಸ್ತೀರಾ?" ಸಿಸ್ಟರ್ ಕೇಸ್ ಶೀಟ್ ತೆಗೆದು ಚಾರ್ಟ್ ನೋಡುತ್ತಾರೆ. ಎರಡನೇ ರಾತ್ರಿ ಜ್ವರ ಮತ್ತೆ 102 ಡಿಗ್ರಿಗೆ ಏರಿದ್ದು ಅಲ್ಲಿದೆ, ವೈದ್ಯರ ಟಿಪ್ಪಣಿಯಲ್ಲಿ ಮಾತ್ರ ಬಿಟ್ಟುಹೋಗಿದೆ. ಅವರು ಡ್ಯೂಟಿ ಡಾಕ್ಟರಿಗೆ ಹೇಳುತ್ತಾರೆ, ಚಾರ್ಟಿನ ಪ್ರತಿ ಕಳಿಸುತ್ತಾರೆ, ಮುಂದಿನ ರೋಗಿಯ ಔಷಧಿಗೆ ಓಡುತ್ತಾರೆ.

ಈ ಐದು ನಿಮಿಷದ ಕೆಲಸಕ್ಕೆ ಆಸ್ಪತ್ರೆಯಲ್ಲಿ ಹೆಸರೇ ಇಲ್ಲ. ಹುದ್ದೆಯ ವಿವರಣೆಯಲ್ಲೂ ಇಲ್ಲ, ಅನುಭವ ಪ್ರಮಾಣಪತ್ರದಲ್ಲೂ ಬರುವುದಿಲ್ಲ. ಆದರೆ ಫೋನಿನ ಆ ತುದಿಯಲ್ಲಿ, ಕ್ವೆರಿ ಹಾಕಿದವರ ಕುರ್ಚಿಯಲ್ಲಿ ಕೂರಲು ಬೇಕಾದದ್ದು ಇದೇ ಓದು. ಒಂದು ದಾಖಲೆ ಹೇಳಿದ್ದನ್ನು ಇನ್ನೊಂದು ದಾಖಲೆ ಒಪ್ಪುತ್ತದೆಯೇ ಎಂದು ನೋಡುವ ಕಣ್ಣು ಅದು. ಕ್ಷೇತ್ರ ಬದಲಿಸುವವರು ತಮ್ಮ ಹಳೆಯ ಕೆಲಸದಲ್ಲಿ ಹುಡುಕಬೇಕಾದದ್ದು ಇಂಥ ಹೆಸರಿಲ್ಲದ ಕೆಲಸಗಳನ್ನು. ಮುಖ್ಯ ಕೆಲಸಗಳಾದ ಔಷಧಿ ಕೊಡುವುದು, ಡ್ರೆಸ್ಸಿಂಗ್, ರೋಗಿಯ ಆರೈಕೆ ಎಷ್ಟೇ ದೊಡ್ಡವಾಗಿದ್ದರೂ ಈ ಪತ್ರದ ಮೊದಲ ಪ್ಯಾರಾಕ್ಕೆ ಬರುವುದಿಲ್ಲ. ತಾನು ಹೆಮ್ಮೆಪಡುವ ಕೆಲಸವನ್ನು ಬದಿಗಿಟ್ಟು, ಕಿರಿಕಿರಿ ಎನಿಸಿದ್ದ ಫೋನ್ ಕರೆಗಳನ್ನು ಮುಂದಕ್ಕೆ ತರುವುದು ಮನಸ್ಸಿಗೆ ಒಗ್ಗುವುದಿಲ್ಲ, ಅದು ಸಹಜ. ಆರು ವರ್ಷದ ದುಡಿಮೆಯ ತೂಕ ಇರುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಆ ತೂಕ ರೆಸ್ಯೂಮೆಯಲ್ಲಿ ಇದ್ದೇ ಇರುತ್ತದೆ.

ಕೆಲಸ ಗುರುತಿಸಿದ ಮೇಲೆ ಅಳತೆ ಬೇಕು. 'ಸಾವಿರಾರು ಕೇಸ್ ನೋಡಿದ್ದೇನೆ' ಎಂದು ಬರೆಯುವ ಆಸೆ ಆಗುತ್ತದೆ. ಬರೆಯುವ ಮುಂಚೆ ಒಂದು ಲೆಕ್ಕ ಹಾಕಬೇಕು. 30 ಹಾಸಿಗೆ, ಒಬ್ಬ ರೋಗಿ ಸರಾಸರಿ ಐದು ದಿನ ಇರುತ್ತಾರೆ ಎಂದರೆ ದಿನಕ್ಕೆ ಸುಮಾರು ಆರು ಡಿಸ್ಚಾರ್ಜ್. ಅವು ಬಹುಪಾಲು ಬೆಳಗಿನ ಪಾಳಿಯಲ್ಲಿ. ಆ ಪಾಳಿಯಲ್ಲಿ ಮೂವರು ಸಿಸ್ಟರ್‌ಗಳಿದ್ದರೆ ಒಬ್ಬರ ಪಾಲಿಗೆ ಎರಡು. ಮೂರು ಪಾಳಿ ಸುತ್ತುವುದರಿಂದ ವರ್ಷದಲ್ಲಿ ಬೆಳಗಿನ ಡ್ಯೂಟಿ ಬರುವುದು ನೂರರ ಆಸುಪಾಸು. ಹಾಗಾದರೆ ವರ್ಷಕ್ಕೆ 200, ನಾಲ್ಕು ವರ್ಷಕ್ಕೆ 800. ಹಾಸಿಗೆಗಳು ಸದಾ ತುಂಬಿರುವುದಿಲ್ಲ, ಆದ್ದರಿಂದ 700 ಎಂದು ಬರೆದರೆ ಧೈರ್ಯವಾಗಿ ನಿಲ್ಲಬಹುದು. ಸಂದರ್ಶನದಲ್ಲಿ 'ಈ ಸಂಖ್ಯೆ ಎಲ್ಲಿಂದ ಬಂತು' ಎಂದು ಕೇಳಿದರೆ ಇದೇ ಲೆಕ್ಕವನ್ನು ಅರ್ಧ ನಿಮಿಷದಲ್ಲಿ ಹೇಳಬಹುದು. ಹಾಗೆ ಹೇಳಲು ಆಗದ ಸಂಖ್ಯೆಯನ್ನು ಬರೆಯಬಾರದು. 'ಕ್ವೆರಿಗಳನ್ನು ಶೇಕಡಾ 40ರಷ್ಟು ಕಡಿಮೆ ಮಾಡಿದೆ' ಎಂಬಂಥ ಸಾಲುಗಳನ್ನು ಮಾದರಿ ಪತ್ರಗಳಲ್ಲಿ ನೋಡಿ ಎಷ್ಟೋ ಜನ ಎತ್ತಿ ಬರೆಯುತ್ತಾರೆ. ವಾರ್ಡಿನಲ್ಲಿ ಯಾರೂ ಕ್ವೆರಿಗಳ ಲೆಕ್ಕ ಇಟ್ಟಿರುವುದಿಲ್ಲ. ಕ್ಲೇಮ್ ವಿಭಾಗದ ಮುಖ್ಯಸ್ಥರಿಗೆ ಇದು ಗೊತ್ತು. ಉಬ್ಬಿಸಿದ ಅಂಕಿ ಹಿಡಿಯುವುದೇ ಅವರ ದಿನನಿತ್ಯದ ಕೆಲಸ.

ಕ್ರಿಯಾಪದದಲ್ಲೂ ಇಷ್ಟೇ ಎಚ್ಚರ ಬೇಕು. 'ಡಿಸ್ಚಾರ್ಜ್ ಸಮ್ಮರಿ ಸಿದ್ಧಪಡಿಸಿದ್ದೇನೆ' ಎಂದರೆ ಸುಳ್ಳಾಗುತ್ತದೆ, ಸಮ್ಮರಿ ಬರೆಯುವುದು ವೈದ್ಯರು. ನರ್ಸ್ ಮಾಡಿದ್ದು ಕೇಸ್ ಶೀಟನ್ನು ಕ್ರಮವಾಗಿ ಜೋಡಿಸಿ, ವರದಿಗಳೆಲ್ಲ ಇವೆಯೇ ಎಂದು ನೋಡಿ, ಬಿಲ್ಲಿಂಗಿಗೆ ಕಳಿಸಿದ್ದು. ಹಾಗೆಯೇ ಬರೆಯಬೇಕು. ಕ್ಲೇಮ್ ಕಚೇರಿಗೆ ಬೇಕಿರುವುದೂ ಈ ಜೋಡಿಸುವ, ನೋಡುವ ಅಭ್ಯಾಸವೇ. ಇನ್ನೂ ಕೆಲವರು ಹೊಸ ಕ್ಷೇತ್ರದ ಹುದ್ದೆಯ ಹೆಸರನ್ನೇ ಎತ್ತಿಕೊಂಡು 'ಕ್ಲೇಮ್ ತಜ್ಞೆ' ಎಂದು ತಮ್ಮನ್ನು ಕರೆದುಕೊಳ್ಳುತ್ತಾರೆ. ಅದಕ್ಕೆ ಸಿಗುವ ಆಯುಸ್ಸು ಸಂದರ್ಶನದ ಮೊದಲ ಪ್ರಶ್ನೆಯವರೆಗೆ.

ಇನ್ನು ಗೊತ್ತಿಲ್ಲದ್ದರ ಮಾತು. 'ಅನುಭವ ಇಲ್ಲದಿದ್ದರೂ' ಎಂಬ ವಾಕ್ಯದ ತೊಂದರೆ ಅದರ ಪ್ರಾಮಾಣಿಕತೆಯಲ್ಲಿಲ್ಲ. ಯಾವ ಅನುಭವ ಇಲ್ಲ ಎಂದು ಅದು ಹೇಳುವುದಿಲ್ಲ, ಹಾಗಾಗಿ ಓದುವವರು ಎಲ್ಲವೂ ಇಲ್ಲ ಎಂದೇ ತಿಳಿಯುತ್ತಾರೆ. ನಮ್ಮ ನರ್ಸಿಗೆ ರೋಗ ಗೊತ್ತು, ಚಿಕಿತ್ಸೆ ಗೊತ್ತು, ಆಸ್ಪತ್ರೆಯ ದಾಖಲೆ ಗೊತ್ತು. ಗೊತ್ತಿಲ್ಲದ್ದು ಪಾಲಿಸಿಯ ಷರತ್ತುಗಳು: ಯಾವುದಕ್ಕೆ ಎಷ್ಟು ಮಿತಿ, ಯಾವುದು ಸೇರುವುದಿಲ್ಲ, ಎಷ್ಟು ವರ್ಷ ಕಾಯಬೇಕು. ಕೊರತೆಯನ್ನು ಹೀಗೆ ಹೆಸರಿಟ್ಟು ಹೇಳಿದರೆ ಅದು ಚಿಕ್ಕದಾಗುತ್ತದೆ, ಜೊತೆಗೆ ತುಂಬಿಕೊಳ್ಳುವ ದಾರಿಯೂ ಕಾಣುತ್ತದೆ.

ಈ ದಾರಿಗೆ ಒಂದು ಒಳ್ಳೆಯ ಅನುಕೂಲ ಇದೆ. ಐಆರ್‌ಡಿಎಐ 'ಆರೋಗ್ಯ ಸಂಜೀವಿನಿ' ಎಂಬ ಮಾದರಿ ಪಾಲಿಸಿಯನ್ನು ರೂಪಿಸಿ, 2020ರ ಏಪ್ರಿಲ್‌ನಿಂದ ಎಲ್ಲ ಆರೋಗ್ಯ ವಿಮಾ ಕಂಪನಿಗಳೂ ಅದನ್ನು ಮಾರಬೇಕೆಂದು ಹೇಳಿತು. ಯಾವ ಕಂಪನಿಯಲ್ಲಿ ಕೊಂಡರೂ ಮುಖ್ಯ ಷರತ್ತುಗಳು ಅವೇ. ಅದರ ಪೂರ್ಣ ಷರತ್ತುಪತ್ರ ಕಂಪನಿಗಳ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಭಾನುವಾರ ಕೂತು ಓದಿದರೆ ಕೋಣೆ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇಕಡಾ 2, ಅದೂ ಹೆಚ್ಚೆಂದರೆ 5,000 ರೂಪಾಯಿ ಎಂಬಂಥ ಮಿತಿಗಳು ಕಣ್ಣಿಗೆ ಬೀಳುತ್ತವೆ. ಎರಡು ಲಕ್ಷದ ಪಾಲಿಸಿ ಇದ್ದವರಿಗೆ ದಿನಕ್ಕೆ 4,000 ರೂಪಾಯಿಯ ಕೋಣೆ. ಅದಕ್ಕಿಂತ ದುಬಾರಿ ಕೋಣೆ ಹಿಡಿದವರ ಮನೆಯವರು ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಯಾಕೆ ಜಗಳ ಆಡುತ್ತಿದ್ದರು ಎಂಬುದು ವಾರ್ಡಿನಲ್ಲಿದ್ದವರಿಗೆ ತಟ್ಟನೆ ಹೊಳೆಯುತ್ತದೆ. ಆಸ್ಪತ್ರೆಯ ಕಡೆಯಿಂದ ಕಂಡದ್ದೂ ಷರತ್ತಿನಲ್ಲಿ ಓದಿದ್ದೂ ಅಲ್ಲಿ ಕೂಡಿಕೊಳ್ಳುತ್ತವೆ. 'ಕಲಿಯುವ ಉತ್ಸಾಹವಿದೆ' ಎಂಬ ಮಾತಿನ ಜಾಗದಲ್ಲಿ 'ಆರೋಗ್ಯ ಸಂಜೀವಿನಿಯ ಷರತ್ತುಪತ್ರ ಓದಿದ್ದೇನೆ' ಎಂಬ ಮಾತು ಬಂದರೆ ಉತ್ಸಾಹವನ್ನು ಬೇರೆಯಾಗಿ ಹೇಳಬೇಕಿಲ್ಲ. ನಿಜಕ್ಕೂ ಓದಿರಬೇಕು, ಅಷ್ಟೆ.

ಬದಲಾವಣೆಯ ಕಾರಣವನ್ನು ಹೇಳುವುದು ನಾಜೂಕಿನ ಕೆಲಸ. ಮನೆಯಲ್ಲಿ ಚಿಕ್ಕ ಮಗು ಇರಬಹುದು, ನಿಂತು ನಿಂತು ಮಂಡಿ ನೋಯುತ್ತಿರಬಹುದು, ಸಂಬಳ ಸಾಲದೇ ಇರಬಹುದು. ಇವೆಲ್ಲ ನ್ಯಾಯವಾದ ಕಾರಣಗಳೇ, ಆದರೆ ಮೊದಲ ಪ್ಯಾರಾಕ್ಕೆ ಸೇರುವಂಥವಲ್ಲ. 'ನೈಟ್ ಡ್ಯೂಟಿ ಬೇಡವಾಗಿದೆ' ಎಂದು ಬರೆಯುವವರು ಇನ್ನೊಂದು ತೊಂದರೆಗೂ ಸಿಕ್ಕಿಬೀಳುತ್ತಾರೆ. ರಾತ್ರಿ ಎರಡು ಗಂಟೆಗೆ ದಾಖಲಾದ ರೋಗಿಯ ಕೋರಿಕೆಗೂ ಒಂದು ಗಂಟೆಯೊಳಗೆ ಉತ್ತರ ಹೋಗಬೇಕಾದ್ದರಿಂದ ನಗದುರಹಿತ ವಿಭಾಗದಲ್ಲೂ ರಾತ್ರಿ ಪಾಳಿ ಇರುತ್ತದೆ. ಆ ಒಂದು ಸಾಲು ಕೆಲಸದ ಬಗ್ಗೆ ವಿಚಾರಿಸಿಯೇ ಇಲ್ಲ ಎಂದು ತೋರಿಸಿಕೊಡುತ್ತದೆ. ಹಾಗೆಂದು ಸುಳ್ಳು ಕಾರಣ ಕಟ್ಟಬೇಕಿಲ್ಲ. ಇರುವ ಕಾರಣಗಳಲ್ಲಿ ಹೊಸ ಕೆಲಸಕ್ಕೆ ಸಂಬಂಧಪಟ್ಟ ಒಂದನ್ನು ಆರಿಸಿಕೊಂಡರೆ ಸಾಕು. ಕಡತ ಓದುವ ಭಾಗವೇ ತನಗೆ ಹೆಚ್ಚು ಹಿಡಿಸಿತು ಎಂಬುದು ನಿಜವಾಗಿದ್ದರೆ ಅದನ್ನು ಬರೆಯಬಹುದು. ನಿಜವಲ್ಲದಿದ್ದರೆ ಕಾರಣವನ್ನು ಬಿಟ್ಟೇ ಬರೆಯಬಹುದು. ಬಿಟ್ಟರೆ ಪ್ಯಾರಾಕ್ಕೆ ನಷ್ಟವಿಲ್ಲ.

ಬಿಡಲೇಬೇಕಾದದ್ದು ಇನ್ನೊಂದಿದೆ. ಕ್ಲೇಮ್ ಕಚೇರಿಗೆ ಬರೆಯುತ್ತಿದ್ದೇನೆ ಎಂಬ ಹುಮ್ಮಸ್ಸಿನಲ್ಲಿ 'ಆಸ್ಪತ್ರೆಗಳು ಬಿಲ್ ಹೇಗೆ ಏರಿಸುತ್ತವೆ ಎಂಬುದನ್ನು ಒಳಗಿನಿಂದ ಕಂಡಿದ್ದೇನೆ' ಎಂದು ಬರೆಯಲು ಕೈ ಹೋಗುತ್ತದೆ. ಹಾಗೆ ಬರೆದರೆ ತಾನು ದುಡಿದ ಮನೆಯ ಮಾತನ್ನು ಹೊರಗೆ ಹಾಕುವವರೆಂದು ಓದುವವರಿಗೆ ಅನಿಸುತ್ತದೆ. ರೋಗಿಯ ವಿವರ ಹೇಳುವುದಂತೂ ಸಲ್ಲದು, ಹೆಸರು ಬಿಟ್ಟು ಹೇಳಿದರೂ ಸಲ್ಲದು. ದಿನವಿಡೀ ಅಪರಿಚಿತರ ಕಾಯಿಲೆಯ ಕಾಗದ ಓದುವ ಕಚೇರಿಯಲ್ಲಿ ಬಾಯಿ ಭದ್ರವಾಗಿರುವುದು ಮೊದಲ ಅರ್ಹತೆ.

ಇಷ್ಟು ಕೈಯಲ್ಲಿ ಹಿಡಿದು ಪ್ಯಾರಾ ಬರೆದರೆ ಹೀಗಾಗುತ್ತದೆ. ಬೆಂಗಳೂರಿನ ಕಂಪನಿಗೆ ಹೋಗುವ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಹೇಳುವ ವಿಷಯ ಮತ್ತು ಅದರ ಕ್ರಮ ಯಾವ ಭಾಷೆಯಲ್ಲೂ ಅದೇ.

"ನಿಮ್ಮ ಬೆಂಗಳೂರು ಕಚೇರಿಯ ಕ್ಲೇಮ್ ಪ್ರೊಸೆಸರ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿರುವ ನಾನು ಬಿ.ಎಸ್ಸಿ. ನರ್ಸಿಂಗ್ ಪದವೀಧರೆ, ಆರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಕೊನೆಯ ನಾಲ್ಕು ವರ್ಷ 30 ಹಾಸಿಗೆಯ ಜನರಲ್ ಮೆಡಿಸಿನ್ ವಾರ್ಡಿನಲ್ಲಿ ಸುಮಾರು 700 ರೋಗಿಗಳ ಬಿಡುಗಡೆ ಕಡತವನ್ನು ಜೋಡಿಸಿ, ಪರಿಶೀಲಿಸಿ ಬಿಲ್ಲಿಂಗಿಗೆ ಕಳಿಸಿದ್ದೇನೆ. ವಿಮಾ ಕಂಪನಿಗಳಿಂದ ಕ್ವೆರಿ ಬಂದಾಗ ಕೇಸ್ ಶೀಟ್ ಮತ್ತು ಚಾರ್ಟುಗಳಿಂದ ಉತ್ತರ ಹುಡುಕಿಕೊಡುತ್ತಿದ್ದುದು ನಾನೇ ಆದ್ದರಿಂದ, ಯಾವ ದಾಖಲೆ ಎಲ್ಲಿ ಬಿಟ್ಟುಹೋಗುತ್ತದೆ ಎಂಬುದು ನನಗೆ ಪರಿಚಿತ. ಪಾಲಿಸಿ ಷರತ್ತುಗಳ ಮೇಲೆ ಕೆಲಸ ಮಾಡಿದ ಅನುಭವ ನನಗಿಲ್ಲ, ಆರೋಗ್ಯ ಸಂಜೀವಿನಿಯ ಷರತ್ತುಪತ್ರವನ್ನು ಓದಿ ಆ ಕಲಿಕೆಯನ್ನು ಶುರು ಮಾಡಿದ್ದೇನೆ. ಆಸ್ಪತ್ರೆಯಲ್ಲಿ ಬಿಡುವು ಮಾಡಿಕೊಂಡು ಮಾಡುತ್ತಿದ್ದ ಈ ಕಡತ ಓದುವ ಕೆಲಸವನ್ನು ಪೂರ್ಣಾವಧಿಗೆ ಮಾಡಬೇಕೆಂದು ನಿಮಗೆ ಬರೆಯುತ್ತಿದ್ದೇನೆ."

ಐದೇ ವಾಕ್ಯ, ಮೊಬೈಲಿನಲ್ಲಿ ಒಂದು ಪರದೆಯಷ್ಟು. ಈ ಪತ್ರವನ್ನು ಓದುವವರು ಇಬ್ಬರು ಎಂಬುದನ್ನು ಗಮನಿಸಿ. ಮೊದಲು ಎಚ್‌ಆರ್ ವಿಭಾಗದವರು ನೋಡುತ್ತಾರೆ. ಅವರಿಗೆ ಬೇಕಾದದ್ದು ಹುದ್ದೆ, ಊರು, ಪದವಿ, ವರ್ಷ. ಅವೆಲ್ಲ ಮೊದಲ ವಾಕ್ಯದಲ್ಲೇ ಸಿಗುತ್ತವೆ. ಮುಂದೆ ಕ್ಲೇಮ್ ತಂಡದ ಮುಖ್ಯಸ್ಥರ ಕೈಗೆ ಹೋದಾಗ ಎರಡು, ಮೂರನೆಯ ವಾಕ್ಯಗಳು ಮಾತಾಡುತ್ತವೆ. ಮೂರನೆಯ ವಾಕ್ಯವನ್ನು ನಾನು ಈ ಪ್ಯಾರಾದ ಹೃದಯ ಎನ್ನುತ್ತೇನೆ. ಆಯುರ್ವೇದ ಅಥವಾ ದಂತವೈದ್ಯಕೀಯ ಓದಿ ನೇರವಾಗಿ ಬಂದವರಿಗೆ ರೋಗದ ಜ್ಞಾನ ಹೆಚ್ಚಿರಬಹುದು. ಆದರೆ ದಿನಕ್ಕೆ ನಾಲ್ಕು ಬಾರಿ ಚಾರ್ಟ್ ತುಂಬಿದ ಕೈಗೆ ಮಾತ್ರ ಚಾರ್ಟಿನಲ್ಲಿ ಏನು ಬಿಟ್ಟುಹೋಗುತ್ತದೆ ಎಂಬುದು ತಿಳಿದಿರುತ್ತದೆ. ನರ್ಸಿನ ಪತ್ರ ಬೇರೆ ಅರ್ಜಿಗಳ ನಡುವೆ ಎದ್ದು ಕಾಣಬೇಕಾದದ್ದು ಅಲ್ಲೇ.

ಅರ್ಜಿಯನ್ನು ಇಮೇಲಿನಲ್ಲಿ ಕಳಿಸುವಾಗ ಪತ್ರವನ್ನು ಬೇರೆ ಫೈಲಾಗಿ ಲಗತ್ತಿಸಿ, ಮೇಲಿನಲ್ಲಿ ಬರೀ 'ಲಗತ್ತು ನೋಡಿ' ಎಂದು ಬರೆದರೆ ಇಷ್ಟೂ ಶ್ರಮ ಮುಚ್ಚಿದ ಲಕೋಟೆಯೊಳಗೆ ಉಳಿಯುತ್ತದೆ. ಪತ್ರವನ್ನೇ ಮೇಲಿನ ಒಡಲಾಗಿ ಹಾಕಬೇಕು. ಹುದ್ದೆಯ ಹೆಸರು ಮತ್ತು ಜಾಹೀರಾತಿನಲ್ಲಿ ಕೊಟ್ಟ ಸಂಖ್ಯೆ ವಿಷಯದ ಸಾಲಿನಲ್ಲಿರಲಿ. ಮೇಲ್ ತೆರೆಯುವ ಮುಂಚೆ ಫೋನಿನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು. ಅಲ್ಲಿ 'ತಮ್ಮ ಪ್ರತಿಷ್ಠಿತ ಸಂಸ್ಥೆ' ಕೂತಿದ್ದರೆ ನರ್ಸ್ ಎಂಬ ಮಾತು ಕೆಳಗೆಲ್ಲೋ ಅಡಗಿರುತ್ತದೆ.

ರೆಸ್ಯೂಮೆಯ ತಲೆಯಲ್ಲಿ ಬರೆಯುವ ಸಾರಾಂಶವನ್ನೇ ಇಲ್ಲಿ ಅಂಟಿಸಬಹುದಲ್ಲ ಎಂದು ಹಲವರು ಕೇಳುತ್ತಾರೆ. ಅಂಟಿಸಬಾರದು. ರೆಸ್ಯೂಮೆಯ ಸಾರಾಂಶ ಹತ್ತು ಕಂಪನಿಗೆ ಹೋಗುವಂಥದ್ದು, ಅದಕ್ಕೆ ಎದುರಿಗೆ ಯಾರೂ ಇಲ್ಲ. ಪತ್ರದ ಪ್ಯಾರಾ ಒಬ್ಬರ ಕಡೆ ತಿರುಗಿ ಆಡುವ ಮಾತು. ಎರಡರಲ್ಲೂ ಅದೇ ವಾಕ್ಯ ಕಂಡರೆ ಓದುವವರು ಎರಡನೆಯದನ್ನು ಓದದೆ ದಾಟುತ್ತಾರೆ, ಮೂರನೆಯ ವಾಕ್ಯ ಅವರ ಕಣ್ಣಿಗೆ ಬೀಳದೇ ಹೋಗುತ್ತದೆ.

ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ನಾನು ಎರಡು ಪರೀಕ್ಷೆಗಳನ್ನು ನಂಬುತ್ತೇನೆ. ಮೊದಲನೆಯದು, ಅದೇ ಆಸ್ಪತ್ರೆಯ ಬೇರೆ ವಾರ್ಡಿನ ಗೆಳತಿಯ ಹೆಸರನ್ನು ಪತ್ರದ ಕೆಳಗೆ ಹಾಕಿ ಓದುವುದು. ಆಪರೇಷನ್ ಥಿಯೇಟರಿನ ಸಿಸ್ಟರ್ ಹೆಸರು ಹಾಕಿದರೆ ಪ್ಯಾರಾ ಸುಳ್ಳಾಗಬೇಕು. ಅವರು ನೋಡಿದ್ದು ಬೇರೆ ದಾಖಲೆಗಳನ್ನು: ಶಸ್ತ್ರಕ್ರಿಯೆಯ ಟಿಪ್ಪಣಿ, ಕಣ್ಣಿನ ಲೆನ್ಸ್ ಅಥವಾ ಸ್ಟೆಂಟಿನ ಸ್ಟಿಕ್ಕರ್. ಆ ಸ್ಟಿಕ್ಕರ್ ಕಡತದಲ್ಲಿ ಇಲ್ಲ ಎಂದು ಕ್ಲೇಮ್ ಕಚೇರಿಯಿಂದ ಕ್ವೆರಿ ಬರುವುದು ಸಾಮಾನ್ಯ. ಅವರು ಬರೆಯುವ ಪ್ಯಾರಾದ ಮೂರನೆಯ ವಾಕ್ಯ ಅಲ್ಲಿಂದ ಹುಟ್ಟಬೇಕು. ಎರಡನೆಯ ಪರೀಕ್ಷೆಗೆ ಇನ್ನೊಬ್ಬರು ಬೇಕು. ಆಸ್ಪತ್ರೆಯ ಗಂಧವಿಲ್ಲದ ಒಬ್ಬರಿಗೆ, ತಮ್ಮನಿಗೋ ಪಕ್ಕದ ಮನೆಯವರಿಗೋ, ಪ್ಯಾರಾ ಓದಿ ಹೇಳಿ, ಕಾಗದ ತೆಗೆದಿಟ್ಟು 'ನಾನು ಏನು ಕೆಲಸ ಮಾಡುತ್ತಿದ್ದೆ, ಏನು ಕೆಲಸ ಕೇಳುತ್ತಿದ್ದೇನೆ' ಎಂದು ಕೇಳಬೇಕು. ಎಚ್‌ಆರ್ ವಿಭಾಗದವರಿಗೆ ವೈದ್ಯಕೀಯ ತಿಳಿದಿರಲೇಬೇಕೆಂದಿಲ್ಲ. ಟಿಪಿಆರ್, ಜಿಆರ್‌ಬಿಎಸ್ ಎಂಬ ವಾರ್ಡಿನ ಸಂಕ್ಷೇಪಗಳು ಸಿಸ್ಟರ್‌ಗಳ ಬಾಯಿಗೆ ಎಷ್ಟು ಸಹಜ ಎಂದರೆ ಅವು ಪತ್ರದೊಳಗೆ ನುಸುಳಿದ್ದು ಬರೆದವರಿಗೆ ಕಾಣುವುದೇ ಇಲ್ಲ. ಕೇಳಿದವರ ಮುಖ ನೋಡಿದರೆ ಕಾಣುತ್ತದೆ.

ಈ ವಿಧಾನಕ್ಕೂ ಒಂದು ಗಡಿ ಇದೆ. ಎಷ್ಟು ಹುಡುಕಿದರೂ ಹೊಸ ಕೆಲಸಕ್ಕೆ ಹೊಂದುವ ಏನೂ ಹಳೆಯ ದಿನಗಳಲ್ಲಿ ಸಿಗದೇ ಇರಬಹುದು. ವಿಮೆಯ ರೋಗಿಗಳೇ ಬಾರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡಿದವರು ಕ್ವೆರಿಯನ್ನೇ ನೋಡಿರುವುದಿಲ್ಲ. ಆಗ ಪ್ಯಾರಾವನ್ನು ತಿದ್ದಿ ಪ್ರಯೋಜನವಿಲ್ಲ, ದಾರಿಯನ್ನು ಬದಲಿಸಬೇಕು. ದೊಡ್ಡ ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕಿಗೆ, ಇಲ್ಲವೇ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ರೋಗಿಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ ಮೊದಲು ಹೋಗಿ, ಒಂದೆರಡು ವರ್ಷ ಪ್ರೀ-ಆಥರೈಸೇಶನ್ ಕಳಿಸಿ, ಕ್ವೆರಿಗೆ ಉತ್ತರ ಕೊಟ್ಟು ಬಂದರೆ ಆಗ ಬರೆಯಲು ಹುರುಳಿರುತ್ತದೆ. ಮಧ್ಯದ ಈ ಮೆಟ್ಟಿಲು ಹತ್ತಲು ಬರೆಯುವ ಪತ್ರ ಸುಲಭ. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವುದರಿಂದ ವಾರ್ಡಿನ ಹೆಸರೇ ಅಲ್ಲಿ ಮಾತಾಡುತ್ತದೆ.

ಕೆಲಸ ಪಕ್ಕದ್ದೇ ಆದರೂ ಪ್ಯಾರಾ ಹಾಗೇ ನಡೆಯುವುದಿಲ್ಲ. ಇದೇ ನರ್ಸ್ ಮೆಡಿಕಲ್ ಕೋಡಿಂಗ್ ಕಂಪನಿಗೆ ಬರೆಯುತ್ತಾರೆ ಎನ್ನೋಣ. ಬೆಂಗಳೂರಿನಲ್ಲಿ ಈ ಕೆಲಸದ ಬಹುಪಾಲು ಅಮೆರಿಕದ ಆಸ್ಪತ್ರೆಗಳಿಗಾಗಿ ನಡೆಯುತ್ತದೆ. ವೈದ್ಯರು ಬರೆದದ್ದನ್ನು ಓದಿ ರೋಗಕ್ಕೂ ಚಿಕಿತ್ಸೆಗೂ ಗೊತ್ತುಪಡಿಸಿದ ಸಂಕೇತಗಳನ್ನು ಹಾಕುವುದು ಇಲ್ಲಿನ ಕೆಲಸ. ದಾಖಲಾತಿಯ ಅಗತ್ಯವಿತ್ತೇ ಎಂದು ಕೋಡರ್ ತೀರ್ಪು ಕೊಡುವುದಿಲ್ಲ, ಬರೆದದ್ದರಿಂದ ಆಚೆ ಊಹಿಸುವಂತೆಯೂ ಇಲ್ಲ. ಕ್ವೆರಿಗೆ ಉತ್ತರ ಹುಡುಕಿದ ಮೂರನೆಯ ವಾಕ್ಯಕ್ಕೆ ಅಲ್ಲಿ ಅಷ್ಟು ಬೆಲೆ ಬಾರದು. ಅದರ ಜಾಗಕ್ಕೆ ಬೇರೆ ಬೇರೆ ವೈದ್ಯರ ಕೈಬರಹದ ಟಿಪ್ಪಣಿಯಿಂದ ಮುಖ್ಯ ರೋಗ ಯಾವುದು, ಜೊತೆಗಿದ್ದ ಸಕ್ಕರೆ ಕಾಯಿಲೆ, ಬಿಪಿ ಯಾವುವು ಎಂದು ಬೇರ್ಪಡಿಸಿ ಪಾಳಿ ಬದಲಾಗುವಾಗ ಮುಂದಿನವರಿಗೆ ದಿನವೂ ಒಪ್ಪಿಸುತ್ತಿದ್ದ ಕೆಲಸ ಬರಬೇಕು. ಗೊತ್ತಿಲ್ಲದ್ದರ ಸಾಲಿನಲ್ಲಿ ಪಾಲಿಸಿ ಷರತ್ತಿನ ಬದಲು ಐಸಿಡಿ-10 ಸಂಕೇತಪಟ್ಟಿ ಕೂರುತ್ತದೆ, ಅದನ್ನು ಕಲಿಯಲು ಸೇರಿಕೊಂಡ ತರಬೇತಿಯ ಮಾತು ಅದರ ಪಕ್ಕದಲ್ಲಿ. ಆರು ವರ್ಷ, 30 ಹಾಸಿಗೆ, 700 ಕಡತ ಹಾಗೆಯೇ ಉಳಿಯುತ್ತವೆ.